ಬೇಳೆ ಬಿಟ್ಟರೂ ಇಳಿಯದ ಯೂರಿಕ್ ಆಮ್ಲ: ಒಂದು ಊಟದ ಪಟ್ಟಿಯ ಪ್ರಕರಣ ಅಧ್ಯಯನ

ಐವತ್ತೆರಡು ವರ್ಷದ ಒಬ್ಬ ಗೃಹಸ್ಥರು ತಮ್ಮ ಪತ್ನಿಯೊಡನೆ ನನ್ನಲ್ಲಿಗೆ ಆಹಾರ ಸಲಹೆಗೆಂದು ಬಂದಾಗ ಅವರ ಕೈಯಲ್ಲಿ ಎರಡು ರಕ್ತಪರೀಕ್ಷೆಯ ವರದಿಗಳೂ ನಾಲ್ಕಾಗಿ ಮಡಿಚಿದ ಒಂದು ಪಟ್ಟಿಯೂ ಇದ್ದವು. ಮೊದಲ ವರದಿ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಗೌಟ್, ಅಂದರೆ ಯೂರಿಕ್ ಆಮ್ಲದ ಹರಳುಗಳಿಂದ ಬರುವ ಕೀಲುನೋವು ಕಾಣಿಸಿಕೊಂಡು, ಅದು ಪೂರ್ತಿ ಶಮನವಾದ ಒಂದು ತಿಂಗಳ ನಂತರ ಮಾಡಿಸಿದ್ದು. ಅದರಲ್ಲಿ ಯೂರಿಕ್ ಆಮ್ಲ ಪ್ರತಿ ಡೆಸಿಲೀಟರಿಗೆ 8.4 ಮಿಲಿಗ್ರಾಂ ಇತ್ತು. ಎರಡನೆಯದು ಅದಾದ ಮೂರು ತಿಂಗಳಿಗೆ ಮಾಡಿಸಿದ್ದು, ಅದರಲ್ಲಿ 8.9 ಎಂದಿತ್ತು. ಈ ಮೂರು ತಿಂಗಳು ಅವರು ಪಟ್ಟಿಯಲ್ಲಿ ಬರೆದಿದ್ದ ನಿಷೇಧಗಳನ್ನು ಒಂದೂ ಬಿಡದೆ ಪಾಲಿಸಿದ್ದರು. ತೊಗರಿಬೇಳೆ, ಹೆಸರುಬೇಳೆ, ಉದ್ದು, ಎಲ್ಲ ಬಗೆಯ ಕಾಳುಗಳು, ಪಾಲಕ್, ಹೂಕೋಸು, ಅಣಬೆ, ಟೊಮೆಟೊ, ಹುಣಸೆಹಣ್ಣು, ಮೊಸರು, ಇವೆಲ್ಲವೂ ಮನೆಯ ಅಡುಗೆಯಿಂದ ಹೊರಗೆ ಹೋಗಿದ್ದವು. ಇಷ್ಟು ಬಿಟ್ಟ ಮೇಲೂ ಸಂಖ್ಯೆ ಏಕೆ ಏರಿತು ಎಂಬುದು ಗಂಡನ ಪ್ರಶ್ನೆಯಾಗಿತ್ತು. ಹೆಂಡತಿಯ ಪ್ರಶ್ನೆ ಬೇರೆಯಾಗಿತ್ತು: "ಮೇಡಂ, ಬೇಳೆ ಹಾಕದ ಸಾರನ್ನು ಇನ್ನೆಷ್ಟು ದಿನ ಮಾಡಬೇಕು?"

ಎರಡನೆಯ ಪ್ರಶ್ನೆಯಿಂದಲೇ ಆರಂಭಿಸಿದರೆ ಮೊದಲನೆಯದಕ್ಕೂ ಉತ್ತರ ಸಿಗುತ್ತದೆ ಎಂದು ನನಗೆ ಅನ್ನಿಸಿತು. ಆದ್ದರಿಂದ ಏನೇನು ಬಿಟ್ಟಿದ್ದೀರಿ ಎಂದು ಕೇಳುವುದಕ್ಕೆ ಬದಲಾಗಿ, ಬಿಟ್ಟದ್ದರ ಜಾಗದಲ್ಲಿ ಏನು ತಿನ್ನುತ್ತಿದ್ದೀರಿ ಎಂದು ಒಂದು ವಾರದ ಊಟವನ್ನು ಹೊತ್ತುಹೊತ್ತಿಗೆ ಬರೆಸಿಕೊಂಡೆ. ಬೆಳಿಗ್ಗೆ ನಾಲ್ಕು ಕಿತ್ತಳೆಹಣ್ಣು ಹಿಂಡಿದ ದೊಡ್ಡ ಲೋಟ ರಸಕ್ಕೆ ಎರಡು ಚಮಚ ಜೇನುತುಪ್ಪ, ತಿಂಡಿಗೆ ಬ್ರೆಡ್ಡು ಮತ್ತು ಜಾಮ್, ಮಧ್ಯಾಹ್ನ ಅನ್ನಕ್ಕೆ ಆಲೂಗಡ್ಡೆ ಪಲ್ಯ ಅಥವಾ ಬೇಳೆಯಿಲ್ಲದ ತಿಳಿ, ಸಂಜೆ ಬೆಲ್ಲದ ಕಷಾಯ ಮತ್ತು ಬಿಸ್ಕತ್ತು. ತೂಕ ಇಳಿಯಲಿ ಎಂದು ವಾರಕ್ಕೆ ಮೂರು ರಾತ್ರಿ ಊಟವನ್ನೇ ಬಿಡುತ್ತಿದ್ದರು. ಭಾನುವಾರಗಳಂದು ಮಾತ್ರ, ಕೀಲಿಗೆ ಬಲ ಬರುತ್ತದೆ ಎಂಬ ನಂಬಿಕೆಯಿಂದ, ಮಟನ್ ಕಾಲು ಸೂಪನ್ನು ಎರಡು ಬಟ್ಟಲು ಕುಡಿಯುತ್ತಿದ್ದರು. ಪಟ್ಟಿಯಲ್ಲಿ "ಮಾಂಸ ಬೇಡ" ಎಂದಿತ್ತಲ್ಲ ಎಂದು ಕೇಳಿದಾಗ, ಮಾಂಸದ ತುಂಡುಗಳನ್ನು ಮನೆಯವರಿಗೆ ಕೊಟ್ಟು ತಾವು ಬರೀ ನೀರನ್ನು ಕುಡಿಯುತ್ತಿದ್ದುದಾಗಿ ಬಹಳ ಪ್ರಾಮಾಣಿಕವಾಗಿ ಹೇಳಿದರು.

ಈ ವಾರದ ಬರಹದಲ್ಲೇ 8.9ರ ಕಾರಣಗಳು ಬಹುಮಟ್ಟಿಗೆ ಅಡಗಿದ್ದವು. ಪ್ಯೂರಿನ್ ಎಂಬ ವಸ್ತು ಒಡೆದಾಗ ಕೊನೆಯಲ್ಲಿ ಉಳಿಯುವುದೇ ಯೂರಿಕ್ ಆಮ್ಲ. ದೇಹದ ಯೂರಿಕ್ ಆಮ್ಲದಲ್ಲಿ ಸುಮಾರು ಮೂರನೇ ಎರಡು ಭಾಗ ನಮ್ಮದೇ ಜೀವಕೋಶಗಳಿಂದ ಬರುತ್ತದೆ, ಉಳಿದ ಮೂರನೇ ಒಂದು ಭಾಗ ಮಾತ್ರ ಆಹಾರದ್ದು. ಪ್ಯೂರಿನ್ ನೀರಿನಲ್ಲಿ ಕರಗುವ ಗುಣದ್ದಾದ್ದರಿಂದ ಮಾಂಸವನ್ನು ಗಂಟೆಗಟ್ಟಲೆ ಕುದಿಸಿದಾಗ ಅದರ ಗಣನೀಯ ಪಾಲು ತುಂಡಿನಿಂದ ನೀರಿಗೆ ಇಳಿಯುತ್ತದೆ. ಹೀಗಾಗಿ ಇವರು ಬಿಡಬೇಕಾದುದನ್ನು ಕುಡಿದು, ಅದಕ್ಕಿಂತ ಕಡಿಮೆ ತೊಂದರೆಯದನ್ನು ಮನೆಯವರಿಗೆ ಬಡಿಸುತ್ತಿದ್ದರು. ಹಣ್ಣಿನ ರಸದ ದಾರಿ ಬೇರೆ. ಅದರಲ್ಲಿ ಪ್ಯೂರಿನ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಫ್ರಕ್ಟೋಸ್ ಸಕ್ಕರೆ ಒಮ್ಮೆಲೇ ಹೆಚ್ಚಾಗಿ ಒಳಗೆ ಹೋದಾಗ ಅದನ್ನು ಅರಗಿಸುವ ಯಕೃತ್ತಿನ ಜೀವಕೋಶಗಳು ತಮ್ಮ ಶಕ್ತಿಯ ಸಂಗ್ರಹವಾದ ಎಟಿಪಿಯನ್ನು ವೇಗವಾಗಿ ವ್ಯಯಿಸುತ್ತವೆ, ಆ ಎಟಿಪಿ ಒಡೆದು ಉಳಿದದ್ದು ಯೂರಿಕ್ ಆಮ್ಲವಾಗುತ್ತದೆ. ಜೇನಿನಲ್ಲಿ ಫ್ರಕ್ಟೋಸ್ ನೇರವಾಗಿಯೇ ಇದೆ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಬೆಲ್ಲವೂ ಬಹುಪಾಲು ಅದೇ ಸಕ್ಕರೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರಿಗೆ ಈ ವಿಷಯದಲ್ಲಿ ಯಾವ ಲಾಭವೂ ಇಲ್ಲವೆಂಬುದನ್ನು ನಾನು ಪ್ರತಿ ಬಾರಿಯೂ ಬಿಡಿಸಿ ಹೇಳಬೇಕಾಗುತ್ತದೆ. ಇನ್ನು ಊಟ ಬಿಟ್ಟ ರಾತ್ರಿಗಳ ಮಾತು: ದೀರ್ಘ ಕಾಲ ಹೊಟ್ಟೆ ಖಾಲಿ ಇದ್ದಾಗ ದೇಹ ಕೊಬ್ಬನ್ನು ಕರಗಿಸಿ ಕೀಟೋನುಗಳನ್ನು ಉಂಟುಮಾಡುತ್ತದೆ. ಅವು ಹೆಚ್ಚಾದಾಗ ಮೂತ್ರಪಿಂಡವು ಯೂರಿಕ್ ಆಮ್ಲವನ್ನು ಹೊರಹಾಕುವುದು ಕುಗ್ಗುತ್ತದೆ.

ಔಷಧಿಯ ಚೀಟಿಯನ್ನೂ ನೋಡಿದೆ. ರಕ್ತದೊತ್ತಡಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಎಂಬ, ಮೂತ್ರ ಹೆಚ್ಚಿಸುವ ಅಂಶವಿತ್ತು. ಇದು ಯೂರಿಕ್ ಆಮ್ಲವನ್ನು ಏರಿಸುವುದೆಂದು ಎಲ್ಲ ವೈದ್ಯರಿಗೂ ಗೊತ್ತು. ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದೆಂದು ಎಚ್ಚರಿಸಿ, ಅವರ ವೈದ್ಯರಿಗೆ ಒಂದು ಪತ್ರ ಬರೆದುಕೊಟ್ಟೆ. ಮೂತ್ರಪಿಂಡದ ಪರೀಕ್ಷೆಗಳು ಸರಿಯಾಗಿದ್ದವು, ಸಕ್ಕರೆ ಕಾಯಿಲೆ ಇರಲಿಲ್ಲ, ತೂಕ 84 ಕಿಲೋ, ಎತ್ತರ 168 ಸೆಂಟಿಮೀಟರ್. ಮೂತ್ರಪಿಂಡ ಸರಿ ಇರುವುದು ಈ ಪ್ರಕರಣದ ಮುಖ್ಯ ಷರತ್ತು. ಅದು ದುರ್ಬಲವಾಗಿದ್ದರೆ ಮುಂದೆ ಹೇಳುವ ಬೇಳೆ, ಸೊಪ್ಪು, ನೀರಿನ ಅಳತೆಗಳೆಲ್ಲ ಬದಲಾಗುತ್ತವೆ.

ಬೇಳೆಯ ಮೇಲಿನ ಆರೋಪವನ್ನು ಅಳತೆಯಲ್ಲೇ ಪರಿಶೀಲಿಸೋಣವೆಂದು ದಂಪತಿಗಳ ಮುಂದೆ ಲೆಕ್ಕ ಹಾಕಿದೆ. ಒಣ ಬೇಳೆಗಳ ಪ್ಯೂರಿನ್ ಪ್ರಮಾಣ ಕೋಷ್ಟಕದಿಂದ ಕೋಷ್ಟಕಕ್ಕೆ, ಬೇಳೆಯಿಂದ ಬೇಳೆಗೆ ಬದಲಾಗುತ್ತದೆ. ಲೆಕ್ಕ ಸುಲಭವಾಗಲೆಂದು ನಾನು 100 ಗ್ರಾಂ ಒಣ ಬೇಳೆಗೆ 100 ಮಿಲಿಗ್ರಾಂ ಎಂದು ಹಿಡಿದೆ. ಆದರೆ ಯಾರೂ 100 ಗ್ರಾಂ ಒಣ ಬೇಳೆಯನ್ನು ಒಂದು ಹೊತ್ತಿಗೆ ತಿನ್ನುವುದಿಲ್ಲ; ಒಬ್ಬರ ಪಾಲಿನ ತೊವ್ವೆಗೆ 30 ಗ್ರಾಂ ಸಾಕು, ಅದು ಬೆಂದು ಅರಳಿದಾಗ ಒಂದು ಸಣ್ಣ ಬಟ್ಟಲಾಗುತ್ತದೆ. ಎರಡು ಹೊತ್ತಿಗೆ 60 ಗ್ರಾಂ, ಅಂದರೆ ಸುಮಾರು 60 ಮಿಲಿಗ್ರಾಂ ಪ್ಯೂರಿನ್. ಜಪಾನಿನ ವೈದ್ಯರು ದಿನಕ್ಕೆ 400 ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸುತ್ತಾರೆ, ಅದರಲ್ಲಿ ಇದು ಆರನೇ ಒಂದು ಭಾಗಕ್ಕೂ ಸಮವಾಗದು. ಕೋಳಿಯ ಲಿವರ್ ಆದರೋ 100 ಗ್ರಾಮಿಗೆ 300ರ ಆಸುಪಾಸಿನಲ್ಲಿದೆ. ಪಾಲಕ್ ಮತ್ತು ಹೂಕೋಸು 100 ಗ್ರಾಮಿಗೆ 50ರಿಂದ 60 ಮಿಲಿಗ್ರಾಂ ಮಟ್ಟದವು.

ಲೆಕ್ಕಕ್ಕಿಂತಲೂ ಗಟ್ಟಿಯಾದ ಸಾಕ್ಷ್ಯ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಿಂದ ಬಂದಿದೆ. ಅಮೆರಿಕದಲ್ಲಿ 47,150 ಪುರುಷರನ್ನು 12 ವರ್ಷ ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 730 ಮಂದಿಗೆ ಹೊಸದಾಗಿ ಗೌಟ್ ಬಂದಿತ್ತು. ಮಾಂಸ ಮತ್ತು ಸಮುದ್ರದ ಮೀನು ಹೆಚ್ಚು ತಿನ್ನುತ್ತಿದ್ದವರಲ್ಲಿ ಅಪಾಯ ಹೆಚ್ಚಿತ್ತು, ಹಾಲಿನ ಪದಾರ್ಥಗಳನ್ನು ಹೆಚ್ಚು ಸೇವಿಸುತ್ತಿದ್ದವರಲ್ಲಿ ಕಡಿಮೆ ಇತ್ತು; ಪ್ಯೂರಿನ್ ಹೆಚ್ಚಿರುವ ತರಕಾರಿ, ಕಾಳುಗಳನ್ನು ತಿನ್ನುತ್ತಿದ್ದವರಲ್ಲಿ ಅಪಾಯ ಏರಿರಲಿಲ್ಲ. ಇಷ್ಟು ತಿಳಿದ ಮೇಲೂ ಬೇಳೆಯನ್ನು ಮೊದಲ ಆರೋಪಿಯನ್ನಾಗಿ ಬರೆದ ಪಟ್ಟಿಗಳು ಇಂದಿಗೂ ಕೈಯಿಂದ ಕೈಗೆ ದಾಟುತ್ತಿರುವುದು ನನಗೆ ನಿಜವಾದ ನೋವಿನ ಸಂಗತಿ, ಏಕೆಂದರೆ ಮಾಂಸ ಮಿತಗೊಳಿಸಬೇಕಾದ ಮನೆಯಲ್ಲಿ ಬೇಳೆಯನ್ನೂ ತೆಗೆದರೆ ಪ್ರೋಟೀನಿಗೆ ಉಳಿಯುವುದು ಬಹಳ ಸ್ವಲ್ಪ, ಮತ್ತು ಆ ಹಸಿವನ್ನು ತುಂಬುವುದು ಬಿಸ್ಕತ್ತು.

ಹುಣಸೆಹಣ್ಣು, ಮೊಸರು ಪಟ್ಟಿಗೆ ಹೇಗೆ ಸೇರಿದವು ಎಂಬುದು ಪ್ರತ್ಯೇಕ ವಿಷಯ. "ಆಮ್ಲ" ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಆಮ್ಲವೆಂದರೆ ಹುಳಿ, ಆದ್ದರಿಂದ ಹುಳಿಯಾದದ್ದೆಲ್ಲ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ ಎಂದು ಜನ ಎಣಿಸುತ್ತಾರೆ. ನಾಲಿಗೆಗೆ ಹುಳಿಯಾಗಿರುವುದಕ್ಕೂ ಪ್ಯೂರಿನ್ನಿಗೂ ಸಂಬಂಧವಿಲ್ಲ. ನಿಂಬೆಹಣ್ಣಿನ ಸಿಟ್ರೇಟ್ ಮೂತ್ರದ ಆಮ್ಲೀಯತೆಯನ್ನು ತಗ್ಗಿಸುವ ಕಡೆಗೇ ಕೆಲಸ ಮಾಡುತ್ತದೆ, ಮೊಸರು, ಮಜ್ಜಿಗೆಗಳಂತೂ ಗೌಟ್ ಇರುವವರಿಗೆ ಒಳ್ಳೆಯವು. ಪಾಲಕ್, ಟೊಮೆಟೊಗಳ ನಿಷೇಧ ಬಹುಶಃ ಕಿಡ್ನಿ ಕಲ್ಲಿನ ಪಟ್ಟಿಯಿಂದ ಬಂದು ಸೇರಿದ್ದು. ಅಲ್ಲಿ ಚಿಂತೆ ಆಕ್ಸಲೇಟಿನದು, ಇಲ್ಲಿ ಪ್ಯೂರಿನ್ನಿನದು. ಎರಡು ಕಾಯಿಲೆಗಳ ಎರಡು ಪಟ್ಟಿಗಳನ್ನು ಒಂದಾಗಿ ಪಾಲಿಸಿದವರ ತಟ್ಟೆಯಲ್ಲಿ ಅನ್ನ ಮತ್ತು ಆಲೂಗಡ್ಡೆಯಲ್ಲದೆ ಬೇರೇನೂ ಉಳಿಯುವುದಿಲ್ಲ.

ಹೊಸ ಊಟದ ಪಟ್ಟಿಯನ್ನು ಮೊದಲ ವಾರ ಬಹಳ ಸಣ್ಣದಾಗಿ ಇಟ್ಟೆ. ರಸ, ಜೇನು, ಕಾಲು ಸೂಪು ನಿಲ್ಲಬೇಕು, ರಾತ್ರಿ ಊಟ ಮತ್ತೆ ಆರಂಭವಾಗಬೇಕು, ಮಧ್ಯಾಹ್ನಕ್ಕೆ ಒಂದು ಬಟ್ಟಲು ಹೆಸರುಬೇಳೆ ತೊವ್ವೆ ಬರಬೇಕು, ಅಷ್ಟೇ. ಮೂರು ತಿಂಗಳು ಬೇಳೆಗೆ ಹೆದರಿದ ಮನುಷ್ಯನಿಗೆ ಮೊದಲ ದಿನವೇ ಎರಡು ಹೊತ್ತು ಬಡಿಸಿದರೆ, ಎಲ್ಲೋ ಕಾಲು ಹಿಡಿದುಕೊಂಡರೂ ಬೇಳೆಯ ಮೇಲೆ ದೂರು ಬರುತ್ತದೆ ಎಂಬ ಎಣಿಕೆಯಿಂದ ಹೀಗೆ ಮಾಡಿದ್ದೇ ಹೊರತು ದೇಹಕ್ಕೆ ಅಷ್ಟು ನಿಧಾನ ಬೇಕಿತ್ತೆಂದಲ್ಲ. ಆ ಮೊದಲ ತೊವ್ವೆ ರುಚಿಯಾಗಿರಬೇಕೆಂದು ಪತ್ನಿಯವರಿಗೆ ವಿವರವಾಗಿ ಹೇಳಿದೆ: ಮೂರು ಜನರಿಗೆ 90 ಗ್ರಾಂ ಬೇಳೆ, ಅದಕ್ಕೆ ಎರಡರಷ್ಟು ಹೆಚ್ಚಿದ ಸೋರೆಕಾಯಿ, ಹಸಿಶುಂಠಿ, ಹಸಿಮೆಣಸಿನಕಾಯಿ, ತುಪ್ಪದಲ್ಲಿ ಜೀರಿಗೆ ಇಂಗಿನ ಒಗ್ಗರಣೆ, ಇಳಿಸಿದ ಮೇಲೆ ನಿಂಬೆರಸ. ಬೇಳೆಯೊಳಗೆ ತರಕಾರಿ ಸೇರಿದಾಗ ಬಟ್ಟಲು ತುಂಬುತ್ತದೆ, ಬೇಳೆಯ ಅಳತೆ ಮೀರುವುದಿಲ್ಲ, ತಿಂದವರಿಗೆ ಪಥ್ಯದ ಊಟ ಎನ್ನಿಸುವುದೂ ಇಲ್ಲ.

ಎರಡನೇ ವಾರದಿಂದ ದಿನಕ್ಕೆ ಎರಡು ಪಾಲು ಬೇಳೆ ನಿಂತಿತು. ಬೆಳಿಗ್ಗೆ ರಾಗಿ ರೊಟ್ಟಿ ಅಥವಾ ಅವಲಕ್ಕಿ, ಜೊತೆಗೆ ಕಾಯಿಚಟ್ನಿ, ಸಕ್ಕರೆಯಿಲ್ಲದ ಕಾಫಿ. ಮಧ್ಯಾಹ್ನ ಅನ್ನ, ತೊವ್ವೆ ಅಥವಾ ತರಕಾರಿ ಹುಳಿ, ಒಂದು ಪಲ್ಯ, ಕೆನೆ ತೆಗೆದ ಹಾಲಿನ ಮೊಸರು. ಸಂಜೆ ಒಂದು ಇಡೀ ಹಣ್ಣು ಮತ್ತು ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ. ರಾತ್ರಿ ಎಂಟರೊಳಗೆ ಚಪಾತಿ ಅಥವಾ ಮುದ್ದೆ, ತೊಗರಿಬೇಳೆ ಸಾರು, ಮಜ್ಜಿಗೆ. ಹಣ್ಣನ್ನು ರಸ ಮಾಡದೆ ಕಚ್ಚಿ ತಿಂದರೆ ನಾಲ್ಕರ ಬದಲು ಒಂದೇ ಹಣ್ಣಿಗೆ ಸಮಾಧಾನವಾಗುತ್ತದೆ, ನಾರಿನೊಡನೆ ನಿಧಾನವಾಗಿ ಅರಗುತ್ತದೆ. ನೀರು ದಿನಕ್ಕೆ ಎರಡರಿಂದ ಎರಡೂವರೆ ಲೀಟರ್, ಹೃದಯ ಮತ್ತು ಮೂತ್ರಪಿಂಡ ಸರಿಯಿದ್ದವರಿಗೆ ಮಾತ್ರ ಈ ಅಳತೆ.

ಇಡ್ಲಿಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಮೂರು ಭಾಗ ಅಕ್ಕಿಗೆ ಒಂದು ಭಾಗ ಉದ್ದು ಹಾಕಿದ ಹಿಟ್ಟಿನ ನಾಲ್ಕು ಇಡ್ಲಿಗಳಲ್ಲಿ ಸುಮಾರು 25 ಗ್ರಾಂ ಉದ್ದಿನಬೇಳೆ ಇರುತ್ತದೆ, ಅಂದರೆ ಅದು ತಾನೇ ಒಂದು ಪಾಲು ಬೇಳೆ. ಇಡ್ಲಿ ಮಾಡಿದ ದಿನ ಸಾಂಬಾರಿನ ಬದಲು ಚಟ್ನಿ, ರಾತ್ರಿಗೆ ಬೇಳೆಯ ಸಾರಿನ ಬದಲು ಮಜ್ಜಿಗೆ ಹುಳಿ ಎಂದು ಹೊಂದಿಸಿಕೊಂಡೆವು. ಬೂದುಗುಂಬಳದ ಮಜ್ಜಿಗೆ ಹುಳಿಗೆ ತೆಂಗಿನಕಾಯಿಯೊಡನೆ ರುಬ್ಬಲು ನೆನೆಸಿದ ಕಡಲೆಬೇಳೆ ಎರಡು ಚಮಚ ಸಾಕು, ಅದು ಮೂವರಿಗೆ ಹಂಚಿಹೋಗುತ್ತದೆ. ಬೇಳೆ ಅತಿ ಕಡಿಮೆ ಇದ್ದೂ ಬೇಳೆಯ ರುಚಿ ಕೊಡುವ ಇಂಥ ಅಡುಗೆ ನಮ್ಮಲ್ಲಿರುವುದನ್ನು ನಾನು ಬಹಳವಾಗಿ ಬಳಸಿಕೊಳ್ಳುತ್ತೇನೆ. ತಂಬುಳಿ, ಕೋಸಂಬರಿಗಳೂ ಅದೇ ಸಾಲಿನವು.

ಬೇಳೆ ಬೇಯಿಸಿದ ನೀರನ್ನು ಚೆಲ್ಲಬೇಕೇ ಎಂದು ಪತ್ನಿಯವರು ಕೇಳಿದರು, ಮಾಂಸದ ಸೂಪಿನ ವಿವರಣೆ ಕೇಳಿದ ಮೇಲೆ ಇದು ಸಹಜವಾದ ಪ್ರಶ್ನೆ. ಪ್ಯೂರಿನ್ನಿನ ಒಂದು ಪಾಲು ಬೇಳೆಯ ಕಟ್ಟಿಗೂ ಇಳಿಯುತ್ತದೆ, ಅದು ನಿಜ. ಆದರೆ ಇಡೀ ಬೇಳೆಯನ್ನೇ 60 ಮಿಲಿಗ್ರಾಂ ಎಂದು ಲೆಕ್ಕಕ್ಕೆ ಹಿಡಿದಿರುವಾಗ ಕಟ್ಟನ್ನು ಚೆಲ್ಲಿ ಉಳಿಸುವುದು ಅತ್ಯಲ್ಪ, ಕಳೆದುಕೊಳ್ಳುವುದು ರುಚಿ ಮತ್ತು ಬಿ ಗುಂಪಿನ ಜೀವಸತ್ವಗಳು. ನೆನೆಸಿದ ನೀರನ್ನು ಚೆಲ್ಲಿದರೆ ಸಾಕು, ಬೇಯಿಸಿದ ನೀರು ಸಾರಿಗೇ ಇರಲಿ ಎಂದೆ. ಕೋಳಿಗೆ ಮಾತ್ರ ಇದರ ತಿರುವು: ವಾರಕ್ಕೆ ಒಂದು ದಿನ ಎಲುಬಿಲ್ಲದ 80 ಗ್ರಾಂ ಕೋಳಿಯನ್ನು ಒಮ್ಮೆ ಕುದಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಮಸಾಲೆಗೆ ಹಾಕಬೇಕು. ಭಾನುವಾರದ ಸೂಪಿನ ಜಾಗಕ್ಕೆ ಪತ್ನಿಯವರೇ ಉಪಾಯ ಕಂಡುಕೊಂಡರು. ಕಾಲು ಸೂಪಿಗೆ ಹಾಕುತ್ತಿದ್ದ ಕಾಳುಮೆಣಸು, ಬೆಳ್ಳುಳ್ಳಿ, ಕೊತ್ತಂಬರಿಬೀಜಗಳ ಅದೇ ಮಸಾಲೆಯನ್ನು ಬೇಳೆಕಟ್ಟಿಗೆ ಹಾಕಿ ಕುದಿಸಿ ಕೊಟ್ಟಾಗ, ಗಂಡ ಎರಡು ಬಟ್ಟಲು ಕುಡಿದು ಮೂರನೆಯದನ್ನು ಕೇಳಿದರಂತೆ.

ಎಂಟು ವಾರಗಳ ನಂತರ ಯೂರಿಕ್ ಆಮ್ಲ 7.9ಕ್ಕೂ ತೂಕ 82 ಕಿಲೋಗೂ ಇಳಿದಿತ್ತು. ಈ ಹಂತದವರೆಗೆ ಔಷಧಿ ಬದಲಾಗಿರಲಿಲ್ಲ, ಆದ್ದರಿಂದ ಒಂದರಷ್ಟು ಇಳಿದದ್ದು ಊಟದಿಂದ ಮತ್ತು ಅದರಿಂದಾದ ತೂಕದ ಇಳಿಕೆಯಿಂದ ಎಂದು ಹೇಳಬಹುದು. ಆಹಾರದಿಂದ ಸಾಮಾನ್ಯವಾಗಿ ನಿರೀಕ್ಷಿಸಬಹುದಾದದ್ದೂ ಅಷ್ಟೇ. ಯೂರಿಕ್ ಆಮ್ಲದ ಲವಣ ರಕ್ತದಲ್ಲಿ ಕರಗಿಯೇ ಉಳಿಯುವ ಮಿತಿ ಸುಮಾರು 6.8, ಅದಕ್ಕಿಂತ ಮೇಲಿದ್ದಷ್ಟು ದಿನ ಕೀಲುಗಳಲ್ಲಿ ಹರಳು ಕಟ್ಟುವ ಅವಕಾಶ ಇದ್ದೇ ಇರುತ್ತದೆ, ಗೌಟ್ ಬಂದವರಲ್ಲಿ ವೈದ್ಯರು 6ಕ್ಕಿಂತ ಕೆಳಗೆ ತರಲು ಪ್ರಯತ್ನಿಸುತ್ತಾರೆ. ಹೀಗಾಗಿ 7.9 ಒಳ್ಳೆಯ ದಿಕ್ಕು, ಆದರೆ ತಲುಪಬೇಕಾದ ಜಾಗವಲ್ಲ ಎಂದು ಅವರಿಗೆ ಹೇಳಿದೆ. ಒಂಬತ್ತನೇ ವಾರ ವೈದ್ಯರು ರಕ್ತದೊತ್ತಡದ ಮಾತ್ರೆಯನ್ನು ಲೋಸಾರ್ಟಾನಿಗೆ ಬದಲಿಸಿದರು, ಅದು ಯೂರಿಕ್ ಆಮ್ಲವನ್ನು ಸ್ವಲ್ಪ ಇಳಿಸುವ ಗುಣದ್ದು.

ಹನ್ನೊಂದನೇ ವಾರದಲ್ಲಿ ಮತ್ತೆ ಹೆಬ್ಬೆರಳು ಊದಿತು. ರಾತ್ರಿ ಹೊದಿಕೆ ತಾಗಿದರೂ ತಡೆಯಲಾಗದ ನೋವು. ಮನೆಯಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: ಬೇಳೆ ಮತ್ತೆ ಶುರು ಮಾಡಿದ್ದಕ್ಕೇ ಹೀಗಾಯಿತು. ವೈದ್ಯರ ಚಿಕಿತ್ಸೆಯಿಂದ ನೋವು ತಗ್ಗಿದ ಮೇಲೆ ಅವರ ಊಟದ ದಿನಚರಿ ಪುಸ್ತಕವನ್ನು ಒಟ್ಟಿಗೆ ಕುಳಿತು ತಿರುವಿ ಹಾಕಿದೆವು. ಬೇಳೆ ಹತ್ತು ವಾರಗಳಿಂದ ಒಂದೇ ಅಳತೆಯಲ್ಲಿತ್ತು. ಬದಲಾದದ್ದು ನೋವಿಗೆ ಹಿಂದಿನ ಎರಡು ದಿನ. ಒಂದು ದಿನ ಬಿಸಿಲಿನಲ್ಲಿ ಪ್ರಯಾಣ, ನೀರೂ ಸರಿಯಾಗಿ ಕುಡಿಯದ ಪೂರ್ತಿ ಉಪವಾಸ. ಮರುದಿನ ನೆಂಟರ ಮನೆಯ ಔತಣದಲ್ಲಿ ಲಿವರ್ ಮತ್ತು ಬೋಟಿಯ ಫ್ರೈ, ಎರಡು ಬಾಟಲಿ ಬಿಯರ್. ಬಿಯರಿನಲ್ಲಿ ಮದ್ಯದ ಜೊತೆಗೆ ಅದರದೇ ಪ್ಯೂರಿನ್ನೂ ಇರುವುದರಿಂದ ಮದ್ಯಗಳಲ್ಲಿ ಅದು ಹೆಚ್ಚು ತೊಂದರೆಯದು. ಅವರು ದಿನಚರಿಯಲ್ಲಿ ಏನನ್ನೂ ಮುಚ್ಚಿಡದೆ ಬರೆದಿದ್ದರಿಂದಲೇ ಬೇಳೆ ಎರಡನೇ ಬಾರಿ ಮನೆಯಿಂದ ಹೊರಬೀಳುವುದು ತಪ್ಪಿತು.

ನೋವಿದ್ದಾಗಲೇ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ 6.7 ಎಂದು ಬಂದದ್ದು ಇನ್ನೊಂದು ಗೊಂದಲಕ್ಕೆ ಕಾರಣವಾಯಿತು. ಇಷ್ಟು ಇಳಿದಿರುವಾಗ ಇದು ಗೌಟ್ ಅಲ್ಲವೇನೋ ಎಂದು ಅವರಿಗೆ ಅನ್ನಿಸಿತು. ಉರಿಯೂತ ತೀವ್ರವಾಗಿರುವಾಗ ರಕ್ತದ ಯೂರಿಕ್ ಆಮ್ಲ ತಾತ್ಕಾಲಿಕವಾಗಿ ಕುಸಿಯಬಲ್ಲದು, ಆದ್ದರಿಂದ ಆಗಿನ ಸಂಖ್ಯೆಯಿಂದ ಊಟ ಫಲಿಸಿದೆ ಎಂದಾಗಲಿ ಕಾಯಿಲೆ ಬೇರೆ ಎಂದಾಗಲಿ ತೀರ್ಮಾನಿಸಲಾಗದು. ನೋವು ಪೂರ್ತಿ ಹೋಗಿ ಎರಡು ವಾರವಾದರೂ ಕಳೆದ ಮೇಲಿನ ಪರೀಕ್ಷೆಯೇ ನಂಬಲರ್ಹ. ಇವರಿಗೆ ಮೂರು ವಾರಗಳ ನಂತರ ಮಾಡಿದಾಗ 7.5 ಬಂತು.

ವರ್ಷದೊಳಗೆ ಎರಡನೇ ಬಾರಿ ನೋವು ಬಂದಿದ್ದರಿಂದ ವೈದ್ಯರು ಯೂರಿಕ್ ಆಮ್ಲವನ್ನು ಇಳಿಸುವ ಅಲೋಪ್ಯೂರಿನಾಲ್ ಮಾತ್ರೆಯನ್ನು 100 ಮಿಲಿಗ್ರಾಮಿನಿಂದ ಆರಂಭಿಸಿ ನಿಧಾನವಾಗಿ ಏರಿಸಿದರು. ಮೊದಲ ತಿಂಗಳುಗಳಲ್ಲಿ ಹಳೆಯ ಹರಳು ಕರಗುವಾಗ ನೋವು ಮರುಕಳಿಸಬಹುದೆಂದು ಜೊತೆಗೆ ಕಡಿಮೆ ಪ್ರಮಾಣದ ಕಾಲ್ಚಿಸಿನ್ ಕೊಟ್ಟರು, ಮೈಮೇಲೆ ದದ್ದು ಕಂಡರೆ ಮಾತ್ರೆ ನಿಲ್ಲಿಸಿ ತಕ್ಷಣ ಬರಬೇಕೆಂದು ಎಚ್ಚರಿಸಿದರು. ಮಾತ್ರೆ ಬಂದ ಮೇಲೆ ಊಟದ ಪಟ್ಟಿ ಏಕೆ ಎಂದು ಅವರು ಕೇಳಲಿಲ್ಲ, ಆ ಹೊತ್ತಿಗೆ ಅದು ಮನೆಯ ಸಹಜ ಅಡುಗೆಯೇ ಆಗಿಹೋಗಿತ್ತು. ಆರು ತಿಂಗಳ ನಂತರದ ವರದಿಯಲ್ಲಿ ಯೂರಿಕ್ ಆಮ್ಲ 5.6, ತೂಕ 80 ಕಿಲೋ.

ಆ ಭೇಟಿಯಲ್ಲಿ ಪತ್ನಿಯವರು ಕೇಳಿದ್ದು ಹುರುಳಿಕಾಳಿನ ಬಸ್ಸಾರಿನ ಬಗ್ಗೆ. ಬಸ್ಸಾರಿನಲ್ಲಿ ಕಾಳು, ಸೊಪ್ಪು ಎರಡೂ ಬೆಂದ ಕಟ್ಟು ಸಾರಾಗುತ್ತದೆ, ಬಸಿದ ಕಾಳುಸೊಪ್ಪು ಪಲ್ಯವಾಗುತ್ತದೆ. ಎರಡನ್ನೂ ಒಬ್ಬರೇ ತಿಂದರೂ ಲೆಕ್ಕ ಹಾಕಿದ ಕಾಳಿಗಿಂತ ಹೆಚ್ಚಿನದೇನೂ ಹೊಟ್ಟೆಗೆ ಹೋಗುವುದಿಲ್ಲ. ತೊಡಕಿರುವುದು ಕಟ್ಟು ಗಟ್ಟಿಯಾಗಲೆಂದು ಅರ್ಧ ಕಿಲೋ ಕಾಳು ಬೇಯಿಸಿ, ಆ ಸಾರನ್ನೇ ಎರಡು ದಿನ ಕುದಿಸಿ ಉಣ್ಣುವ ಅಭ್ಯಾಸದಲ್ಲಿ. ಮೂವರಿಗೆ 120 ಗ್ರಾಂ ಹುರುಳಿ, ಒಂದು ದೊಡ್ಡ ಕಟ್ಟು ಸೊಪ್ಪು, ಅಂದಿನ ಅಡುಗೆ ಅಂದೇ ಮುಗಿಯಬೇಕು, ಆ ದಿನ ರಾತ್ರಿಗೆ ಬೇಳೆ ಬೇಡ ಎಂದು ಬರೆದುಕೊಟ್ಟೆ. ಈಗ ಅವರ ಮನೆಯಲ್ಲಿ ಬುಧವಾರ ಬಸ್ಸಾರು.